ಆಡಿಟರ್ ಸಭೆ ಕೇಳಿದ್ದಾರೆ: ಮಾರ್ಚ್ 31ರ ಲೆಕ್ಕಕ್ಕೆ ಜೂನ್‌ವರೆಗಿನ ಬ್ಯಾಂಕ್ ಪುಟಗಳು ಏಕೆ?

ಪೀಣ್ಯ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಾನು ಮತ್ತು ಇಬ್ಬರು ಸಹಾಯಕರು, ನಮ್ಮ ವಿಭಾಗ ಇಷ್ಟೇ. ಹಿಂದಿನ ಆಡಿಟರ್ ಅವಧಿ ಮುಗಿದು 2024-25ರ ಲೆಕ್ಕಕ್ಕೆ ಹೊಸಬರು ಬಂದಿದ್ದಾರೆ. ಅವರ ಪತ್ರ ನಿನ್ನೆ ತಲುಪಿತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹಣಕಾಸು ತಂಡದೊಂದಿಗೆ ಎರಡು ಗಂಟೆ ಕುಳಿತು ಮಾತನಾಡಬೇಕು, ಸ್ಟೋರ್ಸ್ ನೋಡುವವರು ಮತ್ತು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಬರೆಯುವವರು ಸಹ ಇರಬೇಕು ಎಂದು ಬರೆದಿದ್ದಾರೆ.

ಸಿದ್ಧವಾಗಿಡಬೇಕಾದ ಕಾಗದಗಳ ಪಟ್ಟಿ ಒಂದೂವರೆ ಪುಟ ಇದೆ. ಟ್ರಯಲ್ ಬ್ಯಾಲೆನ್ಸ್, ಹಿಂದಿನ ವರ್ಷದ ಸಹಿಯಾದ ಲೆಕ್ಕಪತ್ರ, ನಿರ್ದೇಶಕರ ಮಂಡಳಿಯ ನಡಾವಳಿ ಪುಸ್ತಕ, ಸ್ಥಿರಾಸ್ತಿ ರಿಜಿಸ್ಟರ್, ಜಿಎಸ್‌ಟಿ ಮತ್ತು ಟಿಡಿಎಸ್ ರಿಟರ್ನ್‌ಗಳು, ಪಿಎಫ್ ಮತ್ತು ಇಎಸ್ಐ ಚಲನ್‌ಗಳು, ಸಾಲಗಾರರ ಮತ್ತು ಪೂರೈಕೆದಾರರ ಬಾಕಿ ಪಟ್ಟಿ. ಇವೆಲ್ಲ ಪ್ರತಿ ವರ್ಷ ಕೊಡುತ್ತಿದ್ದವೇ, ಫೈಲಿನಲ್ಲಿವೆ.

ನನಗೆ ಅರ್ಥವಾಗದೆ ಉಳಿದದ್ದು ಮೂರು. ಒಂದು, ವರ್ಷ ಮಾರ್ಚ್ 31ಕ್ಕೆ ಮುಗಿದಿದ್ದರೂ ಏಪ್ರಿಲ್‌ನಿಂದ ಜೂನ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದಾರೆ. ಎರಡು, ಬ್ಯಾಂಕಿಗೆ ನಾವು ಕೊಟ್ಟ ಎಲ್ಲ ಸ್ಟಾಕ್ ಸ್ಟೇಟ್‌ಮೆಂಟ್‌ಗಳ ಪ್ರತಿ ಬೇಕಂತೆ. ಅದು ನಮ್ಮ ಮತ್ತು ಬ್ಯಾಂಕಿನ ನಡುವಿನ ವಿಷಯ ಎಂದುಕೊಂಡಿದ್ದೆ. ಮೂರು, ಟ್ಯಾಲಿಯ ಪೂರ್ತಿ ಬ್ಯಾಕಪ್ ಮತ್ತು ವರ್ಷವಿಡೀ ಎಡಿಟ್ ಲಾಗ್ ಚಾಲ್ತಿಯಲ್ಲಿತ್ತು ಎಂಬುದಕ್ಕೆ ಆಧಾರ. ನಮ್ಮ ಎಂ.ಡಿ. ಅವರಿಗೆ ಇದರಿಂದ ಬೇಸರವಾಗಿದೆ. "ನಮ್ಮ ಮೇಲೆ ಅನುಮಾನವೇ?" ಎಂದು ಕೇಳಿದರು. ಅವರಿಗೆ ಏನು ಉತ್ತರ ಹೇಳಲಿ?

ಸಂಘದ_ಕಾರ್ಯದರ್ಶಿ

ಮೇಡಂ, ಮೂರು ದಿನದ ನೋಟಿಸಿನಲ್ಲಿ ಸಭೆ ಕರೆಯಲು ಬರುವುದಿಲ್ಲ. ಸದಸ್ಯರಿಗೆಲ್ಲ ಮುಂಚಿತವಾಗಿ ನೋಟಿಸು ತಲುಪಬೇಕು, ಕೋರಂ ಇರಬೇಕು, ನಡಾವಳಿ ಬರೆಯಬೇಕು. ನಾನು ಮಂಡ್ಯದ ಕಡೆ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿ. ಆಡಿಟರ್ ಬಂದ ಕೂಡಲೇ ಸಭೆ ಮಾಡಿ ಎಂದರೆ ಒಪ್ಪಬೇಡಿ.

ಪೀಣ್ಯ_ಲೆಕ್ಕ

ಸರ್, ಇದು ಮಹಾಸಭೆಯಲ್ಲ. ಲೆಕ್ಕ ಪರಿಶೀಲನೆ ಶುರುವಾಗುವ ಮೊದಲು ಆಡಿಟರ್ ನಮ್ಮ ಜೊತೆ ಕುಳಿತು ಮಾತನಾಡುವುದು ಅಷ್ಟೇ. ನಮ್ಮ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಅದಕ್ಕೆ ಬೇರೆ ನೋಟಿಸು ಹೋಗುತ್ತದೆ.

ಬೆಳಗಾವಿ_ಫೌಂಡ್ರಿ

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ಮ್ಯಾನೇಜರ್ ಆಗಿದ್ದೇನೆ. ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕಾಗಿಲ್ಲ ಮೇಡಂ. ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕವನ್ನು ಪುಸ್ತಕದೊಂದಿಗೆ ತಾಳೆ ನೋಡುವ ನಿಯಮ, ಆಡಿಟರ್ ವರದಿಯಲ್ಲಿ ಏನೇನು ಹೇಳಬೇಕು ಎಂದು ತಿಳಿಸುವ 2020ರ ಕಾರೋ ಆದೇಶದಲ್ಲಿದೆ. ದುಡಿಯುವ ಬಂಡವಾಳದ ಮಿತಿ 5 ಕೋಟಿ ರೂಪಾಯಿ ದಾಟಿದ ಕಂಪನಿಗಳಿಗೆ ಮಾತ್ರ ಅದು ಅನ್ವಯ. ನಿಮ್ಮ ಮಿತಿ ಎಷ್ಟು? ಅದಕ್ಕಿಂತ ಕಡಿಮೆ ಇದ್ದರೆ ವಿನಯವಾಗಿ "ಅನ್ವಯಿಸುವುದಿಲ್ಲ" ಎಂದು ಬರೆದು ಕಳುಹಿಸಿ.

ಇನ್ನು ಬ್ಯಾಕಪ್ ಅಂತೂ ಖಂಡಿತ ಕೊಡಬೇಡಿ. ಅದರಲ್ಲಿ ಸಂಬಳದಿಂದ ಹಿಡಿದು ಗ್ರಾಹಕರ ದರದವರೆಗೆ ಎಲ್ಲವೂ ಇರುತ್ತದೆ.

ಪೀಣ್ಯ_ಲೆಕ್ಕ

ನಮ್ಮ ಕ್ಯಾಶ್ ಕ್ರೆಡಿಟ್ ಮಿತಿ 1 ಕೋಟಿ 25 ಲಕ್ಷ. ಹಾಗಾದರೆ ತಪ್ಪಿಸಿಕೊಳ್ಳಬಹುದೇ?

ಹಳೆಯ_ಲೆಡ್ಜರ್

ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಡಿಟ್ ಮಾಡುತ್ತಿದ್ದೇನೆ. ಬೆಳಗಾವಿಯ ಗೆಳೆಯರು ಹೇಳಿದ 5 ಕೋಟಿಯ ಮಾತು ಸರಿ, ಆದರೆ ಅದು ಅರ್ಧ ಭಾಗ ಮಾತ್ರ. ಕಾರೋ ವರದಿಯ ಆ ಕಲಮು 5 ಕೋಟಿ ದಾಟಿದವರಿಗೆ. ಆದರೆ ಕಂಪನಿ ಕಾಯಿದೆಯ ಮೂರನೆಯ ಅನುಸೂಚಿಗೆ 2021ರ ಮಾರ್ಚ್‌ನಲ್ಲಿ ತಂದ ತಿದ್ದುಪಡಿಯಲ್ಲಿ ಇದೇ ವಿಷಯ ಬೇರೆ ದಾರಿಯಿಂದ ಬಂದಿದೆ. ಚಾಲ್ತಿ ಆಸ್ತಿಯನ್ನು ಭದ್ರತೆಯಾಗಿ ಇಟ್ಟು ಬ್ಯಾಂಕ್ ಸಾಲ ಪಡೆದ ಕಂಪನಿ, ತಾನು ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕ ತನ್ನ ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಹೇಳಬೇಕು. ಹೊಂದದಿದ್ದರೆ ವ್ಯತ್ಯಾಸ ಎಷ್ಟು, ಏಕೆ ಎಂದು ಬರೆಯಬೇಕು. ಅದಕ್ಕೆ 5 ಕೋಟಿ, 1 ಕೋಟಿ ಎಂಬ ಯಾವ ಮಿತಿಯೂ ಇಲ್ಲ. ಆ ಟಿಪ್ಪಣಿ ಬರೆಯುವುದು ನಿಮ್ಮ ಕೆಲಸ, ಸರಿಯೇ ಎಂದು ನೋಡುವುದು ಆಡಿಟರ್ ಕೆಲಸ. ಸ್ಟಾಕ್ ಸ್ಟೇಟ್‌ಮೆಂಟ್ ಇಲ್ಲದೆ ಅವರು ಹೇಗೆ ನೋಡಬೇಕು?

ನಾನು ನಿಮ್ಮ ಜಾಗದಲ್ಲಿದ್ದರೆ ಈ ಶನಿವಾರವೇ ಮಾರ್ಚ್ 31ರ ಸ್ಟೇಟ್‌ಮೆಂಟ್ ತೆಗೆದು, ಪುಸ್ತಕದ ಸರಕಿನ ಮೊತ್ತದ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದೆ. ವ್ಯತ್ಯಾಸವನ್ನು ಸಭೆಯಲ್ಲಿ ಅವರು ಕಂಡುಹಿಡಿಯುವುದಕ್ಕಿಂತ, ನೀವೇ ಕಂಡುಹಿಡಿದು ಕಾರಣ ಬರೆದುಕೊಂಡು ಹೋಗಿ.

ಪೀಣ್ಯ_ಲೆಕ್ಕ

ಸರ್, ನಾಳೆಯವರೆಗೆ ತಡೆಯಲಾಗದೆ ಇಂದು ರಾತ್ರಿಯೇ ನೋಡಿದೆ. ಬ್ಯಾಂಕಿಗೆ ಕೊಟ್ಟದ್ದು 1 ಕೋಟಿ 86 ಲಕ್ಷ. ನಮ್ಮ ಪುಸ್ತಕದಲ್ಲಿ 1 ಕೋಟಿ 62 ಲಕ್ಷ. 24 ಲಕ್ಷ ಹೆಚ್ಚು ತೋರಿಸಿದ್ದೇವೆ. ಸ್ಟೇಟ್‌ಮೆಂಟ್ ಬರೆಯುವುದು ನನ್ನ ಸಹಾಯಕ, ಸ್ಟೋರ್ಸ್‌ನಿಂದ ಬಂದ ಹಾಳೆ ನೋಡಿ. ನಾನು ಸಹಿ ಹಾಕಿದ್ದೇನೆ. ಹೇಗೆ ಕಣ್ಣು ತಪ್ಪಿತೋ ತಿಳಿಯುತ್ತಿಲ್ಲ. ಈಗ ನಿದ್ದೆ ಬರುವುದಿಲ್ಲ.

ಸ್ಟೋರ್ಸ್_ಕೀಲಿ

ಅಕ್ಕ, ಹೆದರಬೇಡಿ. ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಾವು ಎಣಿಸುವುದು ಕಣ್ಣಿಗೆ ಕಂಡದ್ದನ್ನು. ರ‍್ಯಾಕಿನಲ್ಲಿ ಇದ್ದರೆ ಬರೆಯುತ್ತೇವೆ. ಅದು ಯಾರದ್ದು, ಬಿಲ್ ಆಗಿದೆಯೇ ಎಂದು ನಮ್ಮ ಹಾಳೆಯಲ್ಲಿ ಕಾಲಂ ಇರುವುದಿಲ್ಲ. ನಿಮ್ಮ ಶೆಡ್‌ನಲ್ಲಿ ಜಾಬ್ ವರ್ಕ್‌ಗೆ ಬಂದ ಬೇರೆಯವರ ಮಾಲು ಇದೆಯೇ? ಮೊದಲು ಅದನ್ನು ನೋಡಿ. ನಮ್ಮಲ್ಲಿ ಒಮ್ಮೆ ಗ್ರಾಹಕರು ಕಳುಹಿಸಿದ ರಾಡ್‌ಗಳೆಲ್ಲ ನಮ್ಮ ಲೆಕ್ಕಕ್ಕೆ ಸೇರಿಹೋಗಿದ್ದವು. ಆಮೇಲೆ ಆ ಮಾಲಿಗೆ ಹಳದಿ ಬಣ್ಣದ ಪಟ್ಟಿ ಹಚ್ಚಿ, ಒಂದು ಮೂಲೆಗೆ ಸೇರಿಸಿದೆವು. ಈಗ ಎಣಿಕೆಯ ದಿನ ಹಳದಿ ಇದ್ದದ್ದನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇವೆ.

ಪೀಣ್ಯ_ಲೆಕ್ಕ

ತಮ್ಮಾ, ನೀವು ಹೇಳಿದ್ದೇ ಸರಿಯಾಯಿತು. ಶನಿವಾರ ಇಡೀ ದಿನ ನಮ್ಮ ಸ್ಟೋರ್ಸ್‌ನವರ ಜೊತೆ ಕುಳಿತೆ. 24 ಲಕ್ಷ ಮೂರು ತುಂಡಾಗಿ ಬಿಡಿಸಿಕೊಂಡಿತು.

ಮೊದಲನೆಯದು 9 ಲಕ್ಷ. ಒಬ್ಬ ಗ್ರಾಹಕರು ಡೆಲಿವರಿ ಚಲನ್ ಮೇಲೆ ಜಾಬ್ ವರ್ಕ್‌ಗೆ ಕಳುಹಿಸಿದ ಉಕ್ಕಿನ ಫೋರ್ಜಿಂಗ್‌ಗಳು. ಅವು ನಮ್ಮವಲ್ಲ.

ಎರಡನೆಯದು 4 ಲಕ್ಷ. ತಯಾರಾದ ಮಾಲಿಗೆ ಸಹಾಯಕ ಮಾರಾಟದ ದರ ಹಾಕಿದ್ದಾನೆ. ಪುಸ್ತಕದಲ್ಲಿ ತಯಾರಿಕೆಯ ವೆಚ್ಚ ಇದೆ.

ಮೂರನೆಯದು 11 ಲಕ್ಷ. ಮಾರ್ಚ್ 30ರಂದು ಒಂದು ದೊಡ್ಡ ಬಿಲ್ ಮಾಡಿದ್ದೇವೆ. ತೆರಿಗೆ ಬಿಟ್ಟು 14 ಲಕ್ಷ. ಮಾಲು ಹೊರಟದ್ದು ಏಪ್ರಿಲ್ 4ಕ್ಕೆ. ಗೇಟ್ ಪಾಸ್, ಇ-ವೇ ಬಿಲ್ ಎರಡೂ 4ನೇ ತಾರೀಖಿನವು. ಮಾರ್ಚ್ 31ರ ಎಣಿಕೆಯಲ್ಲಿ ಅಂಗಳದಲ್ಲಿ ಪ್ಯಾಲೆಟ್ ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದ ಆ ಮಾಲನ್ನು ಸ್ಟೋರ್ಸ್‌ನವರು ಎಣಿಸಿದ್ದಾರೆ. ಅವರ ತಪ್ಪಿಲ್ಲ, ಮಾಲು ಅಲ್ಲಿಯೇ ಇತ್ತು. ಪುಸ್ತಕದಲ್ಲಿ ಅದು ಮಾರಾಟವಾಗಿ ಹೋಗಿದೆ. ತಯಾರಿಕೆಯ ವೆಚ್ಚದ ಪ್ರಕಾರ ಅದರ ಬೆಲೆ 11 ಲಕ್ಷ.

ಮೊದಲ ಎರಡಕ್ಕೆ ಬ್ಯಾಂಕಿಗೆ ಕೊಟ್ಟ ಲೆಕ್ಕದಲ್ಲೇ ತಪ್ಪಿದೆ, ಪುಸ್ತಕ ಸರಿ. ಮೂರನೆಯದರಲ್ಲಿ ಯಾವುದು ಸರಿ?

ನಿವೃತ್ತ_ಸಾಲವಿಭಾಗ

ಬ್ಯಾಂಕಿನ ಸಾಲ ವಿಭಾಗದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾಗಿದ್ದೇನೆ. ಮೇಡಂ, ಮೂರನೆಯದರಲ್ಲಿ ನೀವು ಗಮನಿಸದ ಒಂದು ಸಂಗತಿ ಇದೆ. ಅದೇ ಸ್ಟೇಟ್‌ಮೆಂಟಿನ ಎರಡನೆಯ ಪುಟ ತೆಗೆಯಿರಿ, ಸಾಲಗಾರರ ಪಟ್ಟಿ. ಆ ಗ್ರಾಹಕರ ಹೆಸರಿನ ಮುಂದೆ ಮಾರ್ಚ್ 30ರ ಬಿಲ್ ಇದೆಯೇ? ಶೇ. 18 ಜಿಎಸ್‌ಟಿ ಸೇರಿ 16 ಲಕ್ಷ 52 ಸಾವಿರ ಆಗಬೇಕು. ಇದ್ದರೆ ಒಂದೇ ಮಾಲನ್ನು ನೀವು ಬ್ಯಾಂಕಿಗೆ ಎರಡು ಸಲ ತೋರಿಸಿದ್ದೀರಿ, ಒಮ್ಮೆ ಸರಕಾಗಿ, ಒಮ್ಮೆ ಬರಬೇಕಾದ ಹಣವಾಗಿ. ಎರಡರ ಮೇಲೂ ಡ್ರಾಯಿಂಗ್ ಪವರ್, ಅಂದರೆ ಸಾಲ ತೆಗೆಯುವ ಅವಕಾಶ, ಸಿಕ್ಕಿರುತ್ತದೆ.

ನನ್ನ ಸೇವೆಯಲ್ಲಿ ಇಂಥವನ್ನು ಎಷ್ಟೋ ಕಂಡಿದ್ದೇನೆ. ಹೆಚ್ಚಿನವು ಮೋಸವಲ್ಲ. ಸ್ಟಾಕ್ ಹಾಳೆ ಸ್ಟೋರ್ಸ್‌ನಿಂದ ಬರುತ್ತದೆ, ಸಾಲಗಾರರ ಹಾಳೆ ಟ್ಯಾಲಿಯಿಂದ ಬರುತ್ತದೆ, ಎರಡನ್ನೂ ಪಿನ್ ಹಾಕಿ ಕಳುಹಿಸುತ್ತಾರೆ. ಒಂದನ್ನೊಂದು ಯಾರೂ ನೋಡಿರುವುದಿಲ್ಲ. ಆದರೆ ಬ್ಯಾಂಕಿನ ಕಣ್ಣಿಗೆ ಅದು ಇಲ್ಲದ ಭದ್ರತೆಯ ಮೇಲೆ ಪಡೆದ ಸಾಲವಾಗಿ ಕಾಣುತ್ತದೆ. ಆಡಿಟರ್ ಹೇಳುವ ಮೊದಲೇ ತಿದ್ದಿದ ಸ್ಟೇಟ್‌ಮೆಂಟನ್ನು ಕಾರಣ ಬರೆದು ಶಾಖೆಗೆ ಕೊಟ್ಟುಬಿಡಿ.

ಪೀಣ್ಯ_ಲೆಕ್ಕ

ಇದೆ ಸರ್. ಎರಡನೆಯ ಪುಟದಲ್ಲಿ, ಏಳನೆಯ ಸಾಲಿನಲ್ಲಿ. ಪೈಸೆ ಸಮೇತ 16,52,000.00. ನೋಡಿದಾಗ ಕೈ ನಡುಗಿತು.

ಹಳೆಯ_ಲೆಡ್ಜರ್

ಸಾಲ ವಿಭಾಗದ ಹಿರಿಯರು ಸರಿಯಾದ ಜಾಗಕ್ಕೆ ಬೆರಳಿಟ್ಟರು. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ 14 ಲಕ್ಷ ಮಾರ್ಚ್‌ನ ಮಾರಾಟವೇ, ಏಪ್ರಿಲ್‌ನದೇ?

ಬಿಲ್ ಬರೆದ ಮಾತ್ರಕ್ಕೆ ಲೆಕ್ಕದಲ್ಲಿ ಮಾರಾಟ ಆಗುವುದಿಲ್ಲ. ಮಾಲಿನ ಮಾಲೀಕತ್ವದ ಹೊಣೆ ಮತ್ತು ಲಾಭ ಕೊಳ್ಳುವವರಿಗೆ ದಾಟಿರಬೇಕು. ಮಾರ್ಚ್ 31ರ ರಾತ್ರಿ ನಿಮ್ಮ ಅಂಗಳದಲ್ಲಿ ಬೆಂಕಿ ಬಿದ್ದಿದ್ದರೆ ನಷ್ಟ ಯಾರದು? ನಿಮ್ಮದು ಎಂದಾದರೆ ಮಾಲು ನಿಮ್ಮದೇ. ಇದಕ್ಕೊಂದು ವಿನಾಯಿತಿ ಇದೆ. ಕೊಳ್ಳುವವರೇ "ನಮ್ಮಲ್ಲಿ ಜಾಗವಿಲ್ಲ, ಬಿಲ್ ಮಾಡಿ, ಮಾಲು ನಿಮ್ಮಲ್ಲೇ ಇರಲಿ" ಎಂದು ಕೇಳಿದ್ದರೆ, ಮಾಲು ಪೂರ್ತಿ ತಯಾರಾಗಿ ಅವರ ಹೆಸರಿನಲ್ಲಿ ಬೇರೆ ಇಟ್ಟಿದ್ದರೆ, ಮಾಲೀಕತ್ವವನ್ನು ಮತ್ತು ಬಿಲ್ಲನ್ನು ಅವರು ಒಪ್ಪಿಕೊಂಡಿದ್ದರೆ, ಮಾರ್ಚ್‌ನ ಮಾರಾಟ ಎನ್ನಬಹುದು. ಲೆಕ್ಕಪತ್ರ ಮಾನದಂಡ 9ರಲ್ಲಿ ಇದಕ್ಕೆ ಜಾಗವಿದೆ. ಆದ್ದರಿಂದ ಸೋಮವಾರಕ್ಕೆ ಪಟ್ಟಿಯಲ್ಲಿ ಇಲ್ಲದ ಒಂದು ಕಾಗದವನ್ನು ಹುಡುಕಿಡಿ, ಆ ಗ್ರಾಹಕರು ಮಾಲು ತಡೆಯಿರಿ ಎಂದ ಪತ್ರ ಅಥವಾ ಮೇಲ್.

ಅದು ಸಿಗದಿದ್ದರೆ ಆಡಿಟರ್ ಮಾರಾಟವನ್ನು ಹಿಂದಕ್ಕೆ ತಿರುಗಿಸಲು ಹೇಳುತ್ತಾರೆ. ಮಾರಾಟ 14 ಲಕ್ಷ ಇಳಿಯುತ್ತದೆ, ಸರಕು 11 ಲಕ್ಷ ಏರಿ 1 ಕೋಟಿ 73 ಲಕ್ಷ ಆಗುತ್ತದೆ, ಲಾಭ 3 ಲಕ್ಷ ಕಡಿಮೆಯಾಗುತ್ತದೆ. ಬ್ಯಾಂಕಿನ ಲೆಕ್ಕಕ್ಕೂ ಪುಸ್ತಕಕ್ಕೂ ಸರಕಿನಲ್ಲಿ ವ್ಯತ್ಯಾಸ 13 ಲಕ್ಷಕ್ಕೆ ಇಳಿಯುತ್ತದೆ. ಜಿಎಸ್‌ಟಿ ಮಾತ್ರ ಬಿಲ್ ತಾರೀಖಿನ ಮೇಲೆ ಹೋಗಿದೆ, ಮಾರ್ಚ್ ರಿಟರ್ನ್ ಹಾಗೆಯೇ ಇರಲಿ. ಪುಸ್ತಕದ ವಹಿವಾಟಿಗೂ ರಿಟರ್ನ್‌ನ ವಹಿವಾಟಿಗೂ 14 ಲಕ್ಷದ ವ್ಯತ್ಯಾಸ ಬರುತ್ತದೆ. ಅದನ್ನು ತಾಳೆ ಪಟ್ಟಿಯಲ್ಲಿ ಒಂದು ಸಾಲಾಗಿ ತೋರಿಸಿದರೆ ಆಯಿತು.

ಆರ್ಟಿಕಲ್_ಮಂಗಳೂರು

ನಾನು ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿರುವವಳು. ಜೂನ್‌ವರೆಗಿನ ಬ್ಯಾಂಕ್ ಪುಟಗಳ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ. ಆ ಪುಟಗಳನ್ನು ಗುರುತು ಹಾಕಿ ನೋಡುವ ಕೆಲಸ ನಮ್ಮಂಥವರ ಪಾಲಿಗೆ ಬರುವುದರಿಂದ ನಾನೇ ಹೇಳುತ್ತೇನೆ.

ನಾವು ಏಪ್ರಿಲ್ 1ರಿಂದ ಹೊರಗೆ ಹೋದ ದೊಡ್ಡ ಮೊತ್ತಗಳನ್ನು ಒಂದೊಂದಾಗಿ ಹಿಡಿದು, ಅದರ ಬಿಲ್ ತೆಗೆಸಿ, ಕೆಲಸ ಅಥವಾ ಮಾಲು ಯಾವ ದಿನ ಬಂದಿತ್ತು ಎಂದು ನೋಡುತ್ತೇವೆ. ಹೋದ ತಿಂಗಳು ನೋಡಿದ ಒಂದು ಕಡತದಲ್ಲಿ ಪೌಡರ್ ಕೋಟಿಂಗ್‌ನವರಿಗೆ ಏಪ್ರಿಲ್ 22ರಂದು 2 ಲಕ್ಷ 10 ಸಾವಿರ ಹೋಗಿತ್ತು. ಬಿಲ್ ಏಪ್ರಿಲ್ 6ರದು, ಪುಸ್ತಕಕ್ಕೂ ಏಪ್ರಿಲ್‌ನಲ್ಲೇ ಏರಿತ್ತು. ಆದರೆ ಬಿಲ್ಲಿಗೆ ಲಗತ್ತಿಸಿದ ಚಲನ್‌ಗಳೆಲ್ಲ ಮಾರ್ಚ್ 9ರಿಂದ 27ರವರೆಗಿನವು. ಖರ್ಚು ಮಾರ್ಚ್‌ನದು, ಮಾರ್ಚ್ 31ರ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಮಾರ್ಚ್‌ನ ಪುಸ್ತಕವನ್ನು ಎಷ್ಟು ಸಲ ತಿರುವಿದರೂ ಇಂಥದ್ದು ಸಿಗುವುದಿಲ್ಲ.

ಇನ್ನೊಂದು ಚೆಕ್‌ಗಳು. ಮಾರ್ಚ್ 31ರ ಬ್ಯಾಂಕ್ ತಾಳೆ ಪಟ್ಟಿಯಲ್ಲಿ "ಕೊಟ್ಟಿದ್ದೇವೆ, ಇನ್ನೂ ನಗದಾಗಿಲ್ಲ" ಎಂದು ತೋರಿಸಿದ ಚೆಕ್‌ಗಳು ಏಪ್ರಿಲ್ ಮೊದಲ ಎರಡು ವಾರದಲ್ಲಿ ನಗದಾಗಬೇಕು. ಜೂನ್‌ನಲ್ಲಿ ನಗದಾದರೆ, ಅವು ಮಾರ್ಚ್‌ನಲ್ಲಿ ಮೇಜಿನ ಡ್ರಾಯರ್ ಬಿಟ್ಟು ಹೋಗಿರಲಿಲ್ಲ ಎಂದು ಅರ್ಥ.

ಏಪ್ರಿಲ್‌ನಲ್ಲಿ ಮಾಡಿದ ಕ್ರೆಡಿಟ್ ನೋಟ್‌ಗಳನ್ನೂ ತೆಗೆದಿಟ್ಟುಕೊಳ್ಳಿ ಮೇಡಂ. ಅವನ್ನು ಕೇಳುತ್ತಾರೆ.

ಪೀಣ್ಯ_ಲೆಕ್ಕ

ತುಂಬ ಉಪಕಾರವಾಯಿತು ತಂಗಿ. ಹಿಂದಿನ ಆಡಿಟರ್ ಇದನ್ನು ಎಂದೂ ಕೇಳಿರಲಿಲ್ಲ. ಎಂ.ಡಿ. ಅವರಿಗೆ ನೀನು ಹೇಳಿದ ಪೌಡರ್ ಕೋಟಿಂಗ್ ಉದಾಹರಣೆಯನ್ನೇ ಹೇಳಿದೆ. "ಹಾಗಾದರೆ ಅನುಮಾನವಲ್ಲ, ಬಿಟ್ಟುಹೋದದ್ದನ್ನು ಹುಡುಕುವುದು" ಎಂದರು. ಅವರ ಮುಖ ಸ್ವಲ್ಪ ಸಡಿಲವಾಯಿತು.

ಸಂಘದ_ಕಾರ್ಯದರ್ಶಿ

ಮೊದಲು ಸಭೆ ಎಂದದ್ದನ್ನು ನಾನು ಬೇರೆ ಅರ್ಥದಲ್ಲಿ ಹಿಡಿದಿದ್ದೆ, ಕ್ಷಮೆ ಇರಲಿ. ಆದರೂ ನಮ್ಮ ಅನುಭವದ ಒಂದು ಮಾತು ಹೇಳುತ್ತೇನೆ. ನಗದು ಪೆಟ್ಟಿಗೆ ನೋಡಿಕೊಳ್ಳಿ. ನಮ್ಮ ಸಂಘಕ್ಕೆ ಆಡಿಟರ್ ಒಮ್ಮೆ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಬಂದರು. ಪುಸ್ತಕ ಕೇಳಲಿಲ್ಲ, ಮೊದಲು ಪೆಟ್ಟಿಗೆ ತೆಗೆಯಿರಿ ಎಂದರು. ಪುಸ್ತಕದ ಪ್ರಕಾರ 38,400 ರೂಪಾಯಿ ಇರಬೇಕಿತ್ತು. ನೋಟುಗಳು 21,900. ಉಳಿದದ್ದು ಚೀಟಿ. ಹಿಂಡಿ ತರಲು ಒಬ್ಬರಿಗೆ, ಆಸ್ಪತ್ರೆಗೆ ಒಬ್ಬರಿಗೆ, ಹೀಗೆ ಹಾಲಿನ ಪಾಸ್‌ಬುಕ್ಕಿನ ಹಾಳೆಯ ಹಿಂಬದಿಯಲ್ಲಿ ಬರೆದ ಚೀಟಿಗಳು. ಎಲ್ಲರೂ ವಾಪಸು ಕೊಟ್ಟರು, ಒಂದು ಪೈಸೆ ಹೋಗಲಿಲ್ಲ. ಆದರೆ ಚೀಟಿ ನಗದಲ್ಲ ಎಂದು ಅವರು ವರದಿಯಲ್ಲಿ ಬರೆದರು. ಅವರು ಬರೆದದ್ದು ಸರಿ. ಅಂದಿನಿಂದ ಮುಂಗಡ ಕೊಟ್ಟ ದಿನವೇ ವೋಚರ್ ಬರೆಯುತ್ತೇನೆ.

ಪೀಣ್ಯ_ಲೆಕ್ಕ

ಸರ್, ನಮ್ಮ ಪೆಟ್ಟಿಗೆಯಲ್ಲೂ ಚೀಟಿ ಇದ್ದವು. ನಿಮ್ಮ ಬರಹ ಓದಿ ಹೋಗಿ ನೋಡಿದೆ. ನಾಲ್ಕು ಇದ್ದವು, ಎರಡು ಲಾರಿ ಚಾಲಕರವು. ವೋಚರ್ ಮಾಡಿಸಿದೆ, ಇಂದಿನ ತಾರೀಖಿನಲ್ಲೇ.

ಈಗ ಬ್ಯಾಕಪ್ ವಿಷಯ ಯಾರಾದರೂ ಹೇಳಿ.

ಬೆಳಗಾವಿ_ಫೌಂಡ್ರಿ

ಮೂರನೆಯ ಅನುಸೂಚಿಯ ವಿಷಯ ನನಗೆ ಗೊತ್ತಿರಲಿಲ್ಲ, ಹಳೆಯ ಲೆಡ್ಜರ್ ಅವರಿಗೆ ಧನ್ಯವಾದ. ನಮ್ಮ ಟಿಪ್ಪಣಿಗಳನ್ನೂ ತೆಗೆದು ನೋಡುತ್ತೇನೆ. ಆದರೆ ಬ್ಯಾಕಪ್ ಬಗ್ಗೆ ನನ್ನ ಮಾತಿಗೆ ನಾನು ಬದ್ಧ. ನಮ್ಮಲ್ಲಿ ಆಡಿಟ್ ತಂಡಕ್ಕೆ ಒಂದು ಕಂಪ್ಯೂಟರ್ ಬಿಟ್ಟುಕೊಡುತ್ತೇವೆ, ಓದಲು ಮಾತ್ರ ಬರುವ ಲಾಗಿನ್ ಕೊಡುತ್ತೇವೆ. ಏನು ಬೇಕೋ ನೋಡಲಿ, ಮುದ್ರಿಸಿಕೊಳ್ಳಲಿ. ಪೂರ್ತಿ ದತ್ತಾಂಶ ಪೆನ್‌ಡ್ರೈವ್‌ನಲ್ಲಿ ಊರು ಸುತ್ತುವುದು ಬೇಡ. ನಮ್ಮ ಎರಕದ ದರ ಪಕ್ಕದ ಫೌಂಡ್ರಿಗೆ ತಿಳಿದರೆ ನಾವು ಮುಗಿದ ಹಾಗೆ. ಎಡಿಟ್ ಲಾಗ್ ಅಂತೂ ಸಣ್ಣ ಸಂಸ್ಥೆಗಳಿಗೆ ಇಲ್ಲವೇ ಇಲ್ಲ. ನನ್ನ ಭಾವನ ಪಾಲುದಾರಿಕೆ ಸಂಸ್ಥೆಯಲ್ಲಿ ಯಾರೂ ಕೇಳಿಲ್ಲ.

ಹಳೆಯ_ಲೆಡ್ಜರ್

ನಿಮ್ಮ ಭಾವನವರದು ಪಾಲುದಾರಿಕೆ, ಆದ್ದರಿಂದ ಕೇಳಿಲ್ಲ. ಕಂಪನಿಯಾದರೆ ಚಿಕ್ಕದು ದೊಡ್ಡದು ಎಂಬ ಭೇದವಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ನಮೂದಿನ ಬದಲಾವಣೆಯನ್ನೂ ದಾಖಲಿಸಬೇಕು, ಆ ದಾಖಲಾತಿಯನ್ನು ನಿಲ್ಲಿಸಲು ಬರಬಾರದು. ವರ್ಷವಿಡೀ ಅದು ನಡೆದಿತ್ತೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಲೇಬೇಕು. ಪೀಣ್ಯದ ಮೇಡಂ, ನಿಮ್ಮಲ್ಲಿರುವುದು TallyPrime ಸಾಮಾನ್ಯ ಆವೃತ್ತಿಯೇ, TallyPrime Edit Log ಆವೃತ್ತಿಯೇ ಎಂದು ಮೊದಲು ನೋಡಿ. ಎರಡನೆಯದರಲ್ಲಿ ಲಾಗ್ ನಿಲ್ಲಿಸಲು ಬರುವುದಿಲ್ಲ. ಮೊದಲನೆಯದರಲ್ಲಿ ಬರುತ್ತದೆ. ಹಾಗಾದರೆ ವರ್ಷದ ಯಾವ ದಿನ ಚಾಲೂ ಮಾಡಿದಿರಿ ಎಂಬ ಪ್ರಶ್ನೆ ಏಳುತ್ತದೆ.

ಬ್ಯಾಕಪ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕಂಪನಿ ಕಾಯಿದೆಯ 143ನೇ ಕಲಮಿನ ಪ್ರಕಾರ ಪುಸ್ತಕ ಮತ್ತು ವೋಚರ್‌ಗಳನ್ನು ಯಾವ ಹೊತ್ತಿನಲ್ಲೂ ನೋಡುವ ಹಕ್ಕು ಆಡಿಟರ್‌ಗೆ ಇದೆ. ಓದುವ ಲಾಗಿನ್‌ನಿಂದ ಕೆಲಸ ನಡೆಯುತ್ತದೆ, ಆದರೆ ನಿಧಾನ. ಇಡೀ ವರ್ಷದ ನಮೂದುಗಳನ್ನು ಒಟ್ಟಿಗೆ ಜರಡಿ ಹಿಡಿದು ಭಾನುವಾರ ರಾತ್ರಿ ಹಾಕಿದವು, ಮಾರ್ಚ್ 31ಕ್ಕೆ ಹಿಂದಿನ ತಾರೀಖು ಕೊಟ್ಟು ಮೇ ತಿಂಗಳಿನಲ್ಲಿ ಹಾಕಿದವು, ಇಂಥವನ್ನು ಹೆಕ್ಕಬೇಕಾದರೆ ದತ್ತಾಂಶ ನಮ್ಮ ಕೈಗೆ ಬೇಕು. ಗೋಪ್ಯತೆ ಕಾಪಾಡುವ ಹೊಣೆ ನಮ್ಮ ವೃತ್ತಿಯ ನಿಯಮದಲ್ಲೇ ಇದೆ. ಸ್ವೀಕೃತಿ ಪತ್ರ ಬರೆಸಿಕೊಂಡು ಕೊಡಿ ಎನ್ನುತ್ತೇನೆ.

ಬೆಳಗಾವಿ_ಫೌಂಡ್ರಿ

ನೋಡುವ ಹಕ್ಕು ಇದೆ, ಒಯ್ಯುವ ಹಕ್ಕು ಇದೆ ಎಂದು ಆ ಕಲಮಿನಲ್ಲಿ ಬರೆದಿಲ್ಲ. ಕಾರ್ಮಿಕರ ಬ್ಯಾಂಕ್ ಖಾತೆ ಸಂಖ್ಯೆಗಳೂ ಅದರಲ್ಲಿವೆ. ಅವರನ್ನು ಯಾರು ಕೇಳಿದರು? ಇದರಲ್ಲಿ ನಾವಿಬ್ಬರೂ ಒಂದಾಗುವುದಿಲ್ಲ ಸರ್.

ಆರ್ಟಿಕಲ್_ಮಂಗಳೂರು

ಮೇಡಂ, ಬಾಕಿ ದೃಢೀಕರಣ ಪತ್ರಗಳ ಬಗ್ಗೆ ಒಂದು ಮಾತು. ಪಟ್ಟಿಯಲ್ಲಿ ಸಾಲಗಾರರ ವಿಳಾಸ, ಮೇಲ್ ಕೇಳಿದ್ದಾರೆಯೇ? ಕೇಳಿದ್ದರೆ ನೀವೇ ಮುಂದಾಗಿ ಪತ್ರ ಕಳುಹಿಸಿ ಉತ್ತರ ತರಿಸಿ ಫೈಲ್ ಮಾಡಿಡಬೇಡಿ. ಒಂದು ಕಡೆ ಲೆಕ್ಕ ವಿಭಾಗದವರು ತುಂಬ ಶ್ರಮಪಟ್ಟು ಮೂವತ್ತು ಉತ್ತರಗಳನ್ನು ಸಂಗ್ರಹಿಸಿ ಕೊಟ್ಟಿದ್ದರು. ನಮ್ಮ ಸರ್ ಅದನ್ನು ಬದಿಗಿಟ್ಟು, ನಮ್ಮ ಕೈಯಿಂದಲೇ ಮತ್ತೆ ಕಳುಹಿಸಿದರು. ಪತ್ರದ ಮೇಲೆ ಸಹಿ ಕಂಪನಿಯದು. ಕಳುಹಿಸುವುದು ನಾವು, ಉತ್ತರ ಬರುವುದು ನೇರ ನಮಗೆ. ಆ ಜಾಬ್ ವರ್ಕ್ ಗ್ರಾಹಕರಿಗೂ ಒಂದು ಪತ್ರ ಸಿದ್ಧಮಾಡಿಡಿ, "ನಿಮ್ಮ ಇಷ್ಟು ಮಾಲು ಮಾರ್ಚ್ 31ಕ್ಕೆ ನಮ್ಮಲ್ಲಿತ್ತು, ಸರಿಯೇ" ಎಂದು.

ಸ್ಟೋರ್ಸ್_ಕೀಲಿ

ಅಕ್ಕ, ನಿಮ್ಮ ಸ್ಟೋರ್ಸ್‌ನವರನ್ನು ಸಭೆಗೆ ಕರೆಯುತ್ತಿದ್ದೀರಾ? ಅವರಿಗೆ ಏನು ಹೇಳಬೇಕು ಎಂದು ಕಲಿಸಿ ಕಳುಹಿಸಬೇಡಿ. ನನಗೆ ಒಮ್ಮೆ ಕಲಿಸಿದ್ದರು. ಆಡಿಟರ್ ಎರಡನೆಯ ಪ್ರಶ್ನೆ ಕೇಳಿದಾಗ ನಾನು ಮೌನವಾದೆ. ಆಮೇಲೆ ಅವರು ಇಡೀ ಸ್ಟೋರ್ಸ್ ಮತ್ತೆ ಎಣಿಸಿದರು, ಎರಡು ದಿನ.

ಪೀಣ್ಯ_ಲೆಕ್ಕ

ಸಭೆ ಮುಗಿಯಿತು, ಎರಡು ಗಂಟೆ ಎಂದದ್ದು ಮೂರೂವರೆ ಗಂಟೆ ಆಯಿತು. ನಡೆದದ್ದನ್ನು ಹೇಳಬೇಕು, ನೀವೆಲ್ಲ ಇಷ್ಟು ಸಹಾಯ ಮಾಡಿದ್ದೀರಿ.

ಕಾಗದಗಳನ್ನು ನೋಡುವ ಮೊದಲೇ ಆ 24 ಲಕ್ಷದ ಹಾಳೆಯನ್ನು ನಾನೇ ಅವರ ಮುಂದೆ ಇಟ್ಟೆ. ಆಡಿಟರ್ ಎರಡು ಸಲ ಓದಿದರು. 9 ಲಕ್ಷ ಮತ್ತು 4 ಲಕ್ಷಕ್ಕೆ ಚಲನ್ ಹಾಗೂ ದರದ ಪಟ್ಟಿ ನೋಡಿ ಪಕ್ಕದಲ್ಲಿ ಟಿಕ್ ಹಾಕಿದರು. ಸ್ಟೋರ್ಸ್‌ನವರ ಜೊತೆ ಶೆಡ್‌ಗೆ ಹೋಗಿ ಆ ಫೋರ್ಜಿಂಗ್‌ಗಳ ಮೇಲಿನ ಹೀಟ್ ನಂಬರನ್ನು ಚಲನ್‌ನ ನಂಬರಿನೊಂದಿಗೆ ಹೋಲಿಸಿ ನೋಡಿದರು. ನಾವು ಯಾರಿಗೂ ಏನೂ ಕಲಿಸಿರಲಿಲ್ಲ. ಬ್ಯಾಂಕಿಗೆ ತಿದ್ದಿದ ಸ್ಟೇಟ್‌ಮೆಂಟ್ ಶನಿವಾರವೇ ಮೇಲ್ ಮಾಡಿದ್ದೆ. ಅದರ ಪ್ರತಿಯನ್ನೂ ಇಟ್ಟುಕೊಂಡರು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ಸ್ಟೇಟ್‌ಮೆಂಟ್‌ಗಳಿಗೂ ಇದೇ ರೀತಿ ತಾಳೆ ಪಟ್ಟಿ ಬೇಕು ಎಂದಿದ್ದಾರೆ. ಈ ವಾರವೆಲ್ಲ ಅದೇ ಕೆಲಸ.

ಎಡಿಟ್ ಲಾಗ್ ನಮ್ಮಲ್ಲಿ ಇತ್ತು, ಆ ಒಂದು ಭಾರ ಇಳಿಯಿತು. ಬ್ಯಾಕಪ್ ಬಗ್ಗೆ ಎಂ.ಡಿ. ಮತ್ತು ಆಡಿಟರ್ ಇನ್ನೂ ಮಾತನಾಡುತ್ತಿದ್ದಾರೆ. ಸದ್ಯಕ್ಕೆ ಸಂಬಳದ ಲೆಡ್ಜರ್ ಬಿಟ್ಟು ಉಳಿದದ್ದನ್ನು ಎಕ್ಸೆಲ್‌ನಲ್ಲಿ ಕೊಟ್ಟಿದ್ದೇವೆ. ಸಂಬಳವನ್ನು ನಮ್ಮ ಕಚೇರಿಯಲ್ಲೇ ಕುಳಿತು ನೋಡುತ್ತಾರೆ.

14 ಲಕ್ಷದ ಬಿಲ್ ಮಾತ್ರ ಹಾಗೆಯೇ ನಿಂತಿದೆ. ಗ್ರಾಹಕರ ಮೇಲ್ ಸಿಕ್ಕಿತು. "ನಮ್ಮ ಗೋದಾಮಿನಲ್ಲಿ ಜಾಗವಿಲ್ಲ, ಮಾಲು ನಿಮ್ಮಲ್ಲೇ ಇರಲಿ" ಎಂದು ಸ್ಪಷ್ಟವಾಗಿ ಇದೆ. ಆದರೆ ತಾರೀಖು ಏಪ್ರಿಲ್ 2. ನಮ್ಮ ಮಾರಾಟ ವಿಭಾಗದವರು, ಮಾರ್ಚ್ 29ರಂದೇ ಅವರು ಫೋನಿನಲ್ಲಿ ಹೇಳಿದ್ದರು, ಮೇಲ್ ಆಮೇಲೆ ಬರೆದರು ಎನ್ನುತ್ತಾರೆ.

ಹಳೆಯ_ಲೆಡ್ಜರ್

ಏಪ್ರಿಲ್ 2 ಎಂದರೆ ಕಷ್ಟ. ಫೋನಿನ ಮಾತಿಗೆ ಆಡಿಟ್ ಫೈಲಿನಲ್ಲಿ ತೂಕ ಕಡಿಮೆ. ನಾನಾಗಿದ್ದರೆ ಮಾರಾಟವನ್ನು ತಿರುಗಿಸಲು ಹೇಳುತ್ತಿದ್ದೆ.

ನಿವೃತ್ತ_ಸಾಲವಿಭಾಗ

ನಾನು ಅಷ್ಟು ಬೇಗ ಹೇಳುವುದಿಲ್ಲ. ಅಂದು ಆ ಗ್ರಾಹಕರ ಗೋದಾಮು ನಿಜವಾಗಿ ತುಂಬಿತ್ತೇ? ಮಾರ್ಚ್ ಕೊನೆಯ ವಾರ ಬೇರೆ ಪೂರೈಕೆದಾರರ ಲಾರಿಗಳನ್ನೂ ವಾಪಸು ಕಳುಹಿಸಿದ್ದರೆ ಅವರ ಗೇಟ್ ರಿಜಿಸ್ಟರಿನಲ್ಲಿ ಗುರುತು ಇರುತ್ತದೆ.

ಪೀಣ್ಯ_ಲೆಕ್ಕ

ಸರ್, ನಮ್ಮ ಲಾರಿ ಬಾಡಿಗೆಯವರನ್ನು ಕೇಳಿದೆ. 30ರಂದು ಸಂಜೆ ಗಾಡಿ ಬುಕ್ ಮಾಡಿ, ಅದೇ ರಾತ್ರಿ ರದ್ದು ಮಾಡಿದ ಸಂದೇಶ ಅವರ ಮೊಬೈಲ್‌ನಲ್ಲಿದೆ. ರದ್ದು ಮಾಡಿದ್ದು ನಾವು, ಕಾರಣ ಬರೆದಿಲ್ಲ. ಅದರ ಪ್ರತಿಯನ್ನು ಆಡಿಟರ್‌ಗೆ ಕಳುಹಿಸಿದ್ದೇನೆ. ಗುರುವಾರ ಗ್ರಾಹಕರ ಗೋದಾಮಿಗೆ ಹೋಗಿ ಗೇಟ್ ರಿಜಿಸ್ಟರ್ ನೋಡಲು ಅನುಮತಿ ಕೇಳಿದ್ದೇವೆ.